ನೆಕ್ಸಾನ್ ಇವಿ 45: 489 ಕಿ.ಮೀ. ಓಡುತ್ತದೆಯೇ?

ಟಾಟಾದ ಈ ಎಲೆಕ್ಟ್ರಿಕ್ ಕಾರು ನೋಡಲು ಶೋರೂಮ್‌ಗೆ ಬಂದವರು ಮೊದಲು ಕೇಳುವುದೇ ಇದನ್ನು. ಒಂದು ಸಲ ಫುಲ್ ಚಾರ್ಜ್ ಮಾಡಿದರೆ 489 ಕಿ.ಮೀ. ಎಂಬುದು ಭಾರತದಲ್ಲಿ ಕಾರುಗಳ ರೇಂಜ್ ಅಳೆಯುವ ಎಂಐಡಿಸಿ ಪರೀಕ್ಷೆಯ (ಭಾಗ 1 ಮತ್ತು 2) ಪ್ರಮಾಣಿತ ಅಂಕಿ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್‌ಗಳ ಮೇಲೆ. ಅಲ್ಲಿ ಏಸಿ ಆಫ್ ಇರುತ್ತದೆ, ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ, ಏರು ರಸ್ತೆಯೂ ಇಲ್ಲ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಿ ನೋಡಲು ಈ ಅಂಕಿ ಬೇಕು. ಮಡಿಕೇರಿಗೆ ಹೊರಡುವ ದಿನ ಇದನ್ನು ನಂಬಿ ಕೂರಬೇಡಿ. ದಿನನಿತ್ಯದ ಓಡಾಟಕ್ಕೆ ಕಂಪನಿಯೇ ಅಂದಾಜಿಸಿರುವುದು 350ರಿಂದ 370 ಕಿ.ಮೀ.

ನಮ್ಮ ಡೆಮೊ ಕಾರನ್ನು ಮಂಗಳೂರಿನಿಂದ ಪುತ್ತೂರು, ಸುಳ್ಯ, ಸಂಪಾಜೆ ಮಾರ್ಗವಾಗಿ ಮಡಿಕೇರಿಗೆ ಓಡಿಸಿದೆವು. ಮಾರ್ಚ್ ತಿಂಗಳ ಬಿಸಿಲು, ನಾಲ್ವರು ದೊಡ್ಡವರು, ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್, ದಾರಿಯುದ್ದಕ್ಕೂ ಏಸಿ 24 ಡಿಗ್ರಿಯಲ್ಲಿ, ವೇಗ 80ರೊಳಗೆ, ಟೈರ್ ಗಾಳಿ ಕಂಪನಿ ಹೇಳಿದಷ್ಟೇ. 138 ಕಿ.ಮೀ. ಕ್ರಮಿಸಿ ಮಡಿಕೇರಿ ತಲುಪಿದಾಗ ಚಾರ್ಜ್ 100ರಿಂದ 46ಕ್ಕೆ ಇಳಿದಿತ್ತು. ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಮೇಲಕ್ಕೆ ಏರುವುದೆಂದರೆ ಬ್ಯಾಟರಿಗೆ ಸಣ್ಣ ಕೆಲಸವಲ್ಲ. ಸಂಪಾಜೆ ದಾಟಿದ ಮೇಲೆ ಪರ್ಸೆಂಟ್ ಕಣ್ಣೆದುರೇ ಸರಸರನೆ ಕರಗುತ್ತದೆ. ಮೊದಲ ಸಲ ನೋಡುವವರಿಗೆ ಗಾಬರಿಯಾಗುವುದು ಸಹಜ. ವಾಪಸು ಬರುವಾಗ ಘಾಟಿ ಇಳಿಜಾರಿನಲ್ಲಿ, ವೇಗ ತಗ್ಗಿಸುವಾಗ ಬ್ಯಾಟರಿಗೆ ವಿದ್ಯುತ್ ತುಂಬುವ ರೀಜೆನ್ ಬ್ರೇಕಿಂಗ್‌ನಿಂದ ಒಂದಷ್ಟು ಚಾರ್ಜ್ ಮರಳಿ ಸಿಕ್ಕಿತು. ನಡುವೆ ಎಲ್ಲಿಯೂ ಚಾರ್ಜ್ ಮಾಡದೆ ಮಂಗಳೂರಿಗೆ ಬಂದು ನಿಂತಾಗ ಉಳಿದಿದ್ದದ್ದು 16 ಪರ್ಸೆಂಟ್. ಇದು ಒಂದು ಕಾರಿನ ಒಂದು ಪ್ರಯಾಣದ ಲೆಕ್ಕ. ನಿಮ್ಮ ಕಾರಿಗೂ ಇಷ್ಟೇ ಸಿಗುತ್ತದೆ ಎಂಬ ಭರವಸೆಯಲ್ಲ. ಹೆದ್ದಾರಿಯಲ್ಲಿ 100ರ ಮೇಲೆ ಓಡಿಸಿದರೆ ರೇಂಜ್ ಖಂಡಿತ ಇನ್ನೂ ಕಡಿಮೆಯಾಗುತ್ತದೆ.

ಚಾರ್ಜಿಂಗ್ ವಿಷಯದಲ್ಲೂ ಅಷ್ಟೇ. "40 ನಿಮಿಷ" ಎಂದು ಬೋರ್ಡಿನಲ್ಲಿ ಬರೆದಿರುವುದು 10ರಿಂದ 80 ಪರ್ಸೆಂಟ್‌ವರೆಗೆ ಮಾತ್ರ, ಅದೂ 60 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಡಿಸಿ ಚಾರ್ಜರ್‌ನಲ್ಲಿ. 30 ಕಿಲೋವ್ಯಾಟ್ ಚಾರ್ಜರ್ ಸಿಕ್ಕಿದರೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅದೇ ಚಾರ್ಜರ್‌ನ ಪಕ್ಕದ ಗನ್‌ನಲ್ಲಿ ಇನ್ನೊಂದು ಕಾರು ಇದ್ದರೆ ಪವರ್ ಹಂಚಿಹೋಗಬಹುದು. 80 ಪರ್ಸೆಂಟ್ ದಾಟಿದ ಮೇಲೆ ಬ್ಯಾಟರಿಯ ಸುರಕ್ಷತೆಗಾಗಿ ಚಾರ್ಜಿಂಗ್ ವೇಗ ತಾನಾಗಿಯೇ ತಗ್ಗುತ್ತದೆ, ಹಾಗಾಗಿ 100 ಆಗುವವರೆಗೆ ದಾರಿಯಲ್ಲಿ ಕಾಯುವುದು ಸಮಯ ಹಾಳು. ಮನೆಯ 15 ಆಂಪಿಯರ್ ಪ್ಲಗ್‌ನಲ್ಲಿ ಪೂರ್ತಿ ಚಾರ್ಜ್ ಆಗಲು 15 ಗಂಟೆಗೂ ಹೆಚ್ಚು ಬೇಕು. ದಿನಕ್ಕೆ 40-50 ಕಿ.ಮೀ. ಓಡಿಸುವವರಿಗೆ ರಾತ್ರಿಯ ಚಾರ್ಜ್ ಸಾಕು. ಆದರೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರೀಷಿಯನ್‌ನಿಂದ ಮೊದಲೇ ನೋಡಿಸಿಕೊಳ್ಳಿ. ಹಳೆಯ ಮನೆಗಳಲ್ಲಿ ಇದು ತೀರಾ ಮುಖ್ಯ.

ಟೆಸ್ಟ್ ಡ್ರೈವ್‌ಗೆ ಬರುವಾಗ ನಿಮ್ಮ ದಿನದ ದಾರಿ ಯಾವುದು, ಮನೆಯಲ್ಲಿ ಪಾರ್ಕಿಂಗ್ ಪಕ್ಕ ಪ್ಲಗ್ ಇದೆಯೇ, ತಿಂಗಳಿಗೆ ಎಷ್ಟು ಸಲ ಘಾಟಿ ಹತ್ತುತ್ತೀರಿ ಎಂಬುದನ್ನು ತಿಳಿಸಿ. ಅದೇ ದಾರಿಯ ಲೆಕ್ಕ ಹಾಕಿ ಕೊಡುತ್ತೇವೆ. ಈ ಕಾರು ನಿಮಗೆ ಹೊಂದುವುದಿಲ್ಲ ಎಂದು ಕಂಡರೆ ಅದನ್ನೂ ಹೇಳುತ್ತೇವೆ.