ನಡೆಗೆ ಮುನ್ನ ಬ್ಲಂಡರ್ ತಪಾಸಣೆ: ಹೊಸದಾಗಿ ಚದುರಂಗ ಕಲಿಯುವವರಿಗೆ 60 ನಿಮಿಷದ ಪಾಠ

ತರಗತಿ: 9ರಿಂದ 12 ವರ್ಷದ 10 ಮಕ್ಕಳು. ಕಾಯಿಗಳ ನಡೆ, ಚೆಕ್‌ಮೇಟ್, ಕ್ಯಾಸ್ಲಿಂಗ್, ನಡೆ ಬರೆಯುವ ಕ್ರಮ ಗೊತ್ತಿರಬೇಕು. ಕಾಯಿಗಳ ಬೆಲೆಯೂ ಬಾಯಿಗೆ ಬರಬೇಕು: ಕಾಲಾಳು 1, ಕುದುರೆ ಮತ್ತು ಒಂಟೆ 3, ಆನೆ 5, ರಾಣಿ 9.

ಬೇಕಾದವು: ಗೋಡೆಗೆ ತೂಗುಹಾಕುವ ಬೋರ್ಡ್ 1, ಆಟದ ಬೋರ್ಡ್ 5, ಗಡಿಯಾರ 5, ಸ್ಕೋರ್ ಶೀಟ್ ಮತ್ತು ಪೆನ್ಸಿಲ್ ತಲಾ ಒಂದು.

ಗುರಿ: ಪಾಠ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಕೈ ಎತ್ತುವ ಮೊದಲು, ತಾನು ಆಡಲಿರುವ ನಡೆಯ ನಂತರ ಎದುರಾಳಿಗೆ ಸಿಗುವ ಚೆಕ್‌ಗಳನ್ನೂ ಹೊಡೆತಗಳನ್ನೂ ಹೇಳಬಲ್ಲದು. ಜೋಡಿದಾಳಿ, ಪಿನ್ ಇತ್ಯಾದಿ ಈ ತರಗತಿಗೆ ಬೇಡ. ಈ ಹಂತದ ಮಕ್ಕಳು ಸೋಲುವುದು ಬಹುಪಾಲು ಒಂದೇ ನಡೆಯ ಹೊಡೆತಗಳಿಂದ.

ಮೊದಲ 5 ನಿಮಿಷ: ಪೀಠಿಕೆ

2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಎದುರಿನ ಎರಡನೇ ಆಟದಲ್ಲಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ 34...Qe3 ಆಡಿದರು. ಮುಂದಿನ ನಡೆಯೇ Qh7 ಚೆಕ್‌ಮೇಟ್. ಇದನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಂದೆ ಹೋಗಿ. ಒಂದೇ ನಡೆಯ ಮೇಟ್ ಗುರುತಿಸುವುದು ಅವರಿಗೆ ಗೊತ್ತಿರಲಿಲ್ಲವೇ ಎಂದು ಮಕ್ಕಳೇ ಕೇಳುತ್ತಾರೆ. ಗೊತ್ತಿತ್ತು, ಆ ಕ್ಷಣದಲ್ಲಿ ನೋಡಲಿಲ್ಲ ಅಷ್ಟೆ. ತಪಾಸಣೆ ಏಕೆ ಪ್ರತಿ ನಡೆಗೂ ಬೇಕು ಎಂಬುದಕ್ಕೆ ಇಷ್ಟು ಸಾಕು.

10 ನಿಮಿಷ: ಮೂರು ಪ್ರಶ್ನೆಗಳು

ಹಲಗೆಯ ಮೇಲೆ ಬರೆಯಿರಿ. ಎಲ್ಲರೂ ಗಟ್ಟಿಯಾಗಿ ಓದಲಿ.

1. ಎದುರಾಳಿ ಈಗ ಆಡಿದ ನಡೆಯಿಂದ ಏನು ಬದಲಾಯಿತು?
2. ನಾನು ಇದನ್ನು ಆಡಿದರೆ ಅವರು ಎಲ್ಲೆಲ್ಲಿ ಚೆಕ್ ಕೊಡಬಹುದು?
3. ನಾನು ಇದನ್ನು ಆಡಿದರೆ ಅವರು ಏನೇನು ಹೊಡೆಯಬಹುದು? ನಾನು ತಿರುಗಿ ಹೊಡೆಯಬಲ್ಲೆನೇ?

ಮೊದಲ ಪ್ರಶ್ನೆ ನಡೆ ಹುಡುಕುವ ಮುಂಚೆ. ಉಳಿದ ಎರಡು ನಡೆ ಆರಿಸಿದ ಮೇಲೆ, ಕಾಯಿ ಮುಟ್ಟುವ ಮುಂಚೆ. ಈ ಪಾಠದ ಜೀವಾಳ ಇಲ್ಲೇ ಇದೆ: ಎರಡನೆಯ ಮತ್ತು ಮೂರನೆಯ ಪ್ರಶ್ನೆ ಕೇಳಬೇಕಾದದ್ದು ಕಣ್ಣೆದುರಿನ ಬೋರ್ಡಿಗಲ್ಲ, ನಡೆ ಆದ ಮೇಲಿನ ಬೋರ್ಡಿಗೆ. ಮಕ್ಕಳು ಈಗಿನ ಬೋರ್ಡನ್ನೇ ನೋಡಿ 'ಏನೂ ಅಪಾಯವಿಲ್ಲ' ಅನ್ನುತ್ತಾರೆ. ಕಾಯಿ ಎದ್ದು ಹೋದ ಮನೆಯಿಂದ ತೆರೆದುಕೊಳ್ಳುವ ಸಾಲು ಅವರಿಗೆ ಕಾಣುವುದಿಲ್ಲ. ಆದ್ದರಿಂದ ಹೀಗೆ ಹೇಳಿಸಿ: 'ನನ್ನ ಕುದುರೆ ಈಗ g5ನಲ್ಲಿದೆ. f3 ಖಾಲಿ.' ಹೊಸ ಮನೆ, ಖಾಲಿಯಾದ ಮನೆ ಎರಡನ್ನೂ ಹೆಸರಿಸಿದ ನಂತರವೇ ಚೆಕ್ ಮತ್ತು ಹೊಡೆತಗಳ ಪಟ್ಟಿ.

ಕೈಗಳು ತೊಡೆಯ ಕೆಳಗೆ. ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮ ಇರುವುದರಿಂದ, ಕಾಯಿ ಹಿಡಿದ ಮೇಲೆ ಮಾಡುವ ತಪಾಸಣೆ ತಡವಾದದ್ದು. ಮೊದಲು ನಡೆ ಬರೆದು ಆಮೇಲೆ ಪರೀಕ್ಷಿಸುವ ಹಳೆಯ ಉಪಾಯವನ್ನು ಕಲಿಸಬೇಡಿ, ಈಗಿನ ಫಿಡೆ ನಿಯಮದಲ್ಲಿ ಹಾಗೆ ಮುಂಚಿತವಾಗಿ ಬರೆಯುವಂತಿಲ್ಲ. ಕ್ರಮ ಇದು: ಯೋಚನೆ, ತಪಾಸಣೆ, ನಡೆ, ಗಡಿಯಾರ, ಬರಹ.

15 ನಿಮಿಷ: ಗೋಡೆಯ ಬೋರ್ಡಿನಲ್ಲಿ ಐದು ಸ್ಥಿತಿಗಳು

ಪ್ರತಿ ಸ್ಥಿತಿಯಲ್ಲೂ ನೀವೇ ಒಂದು ನಡೆ ಸೂಚಿಸಿ, ಆದರೆ ಕಾಯಿ ಕದಲಿಸಬೇಡಿ. 'ಆಡೋಣವೇ?' ಎಂದಷ್ಟೇ ಕೇಳಿ. 20 ಸೆಕೆಂಡ್ ಮೌನ, ನಂತರ ಉತ್ತರ.

*ಒಂದು.* 1.e4 e5 2.Bc4 Nc6 3.Qh5. ಸೂಚನೆ: 3...Nf6. ರಾಣಿಯ ಮೇಲೆ ದಾಳಿ ಎಂಬ ಖುಷಿಯಲ್ಲಿ ಮೊದಲ ಪ್ರಶ್ನೆ ಮರೆಯುತ್ತದೆ. 4.Qxf7 ಚೆಕ್‌ಮೇಟ್. 3...g6 ಅಥವಾ 3...Qe7 ಸರಿ.

*ಎರಡು.* 1.e4 e5 2.Nf3 d6 3.Bc4 Bg4. ಸೂಚನೆ: 4.Ng5, f7 ಮೇಲೆ ಕುದುರೆ, ಒಂಟೆ ಎರಡರ ದಾಳಿ. ಮಕ್ಕಳು 4...Qxg5 ಕಂಡುಹಿಡಿದು ಅಲ್ಲೇ ನಿಲ್ಲುತ್ತಾರೆ. 'ಇನ್ನೊಂದು ಹೊಡೆತ ಇದೆಯೇ?' ಎಂದು ಕೇಳಿ. f3 ಖಾಲಿಯಾದ್ದರಿಂದ 4...Bxd1 ಕೂಡ ಇದೆ, ಹೋಗುವುದು ರಾಣಿ. ಮೊದಲು ಸಿಕ್ಕ ಉತ್ತರಕ್ಕೆ ಪಟ್ಟಿ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಇಲ್ಲಿ ಸಮಯ ಕೊಡಿ.

*ಮೂರು.* 1.e4 e5 2.Nf3 Nf6 3.Nxe5 Nxe4 4.Qe2. ಸೂಚನೆ: 4...Nf6, ದಾಳಿಗೊಳಗಾದ ಕುದುರೆಯನ್ನು ಹಿಂದಕ್ಕೆಳೆಯುವುದು. e4 ಖಾಲಿ. 5.Nc6+ ಆಡಿದರೆ ಚೆಕ್ ಕೊಡುವುದು ಕುದುರೆಯಲ್ಲ, ಹಿಂದಿರುವ ರಾಣಿ. ಕುದುರೆಗೆ ಕಪ್ಪು ರಾಣಿ ಸಿಗುತ್ತದೆ. 4...Qe7 ಆಡಿದರೆ ನಷ್ಟ ಸಾಮಾನ್ಯವಾಗಿ ಒಂದು ಕಾಲಾಳಿಗೆ ನಿಲ್ಲುತ್ತದೆ. ಐದರಲ್ಲಿ ಕಷ್ಟದ್ದು ಇದೇ. ಯಾರಿಗೂ ಕಾಣದಿದ್ದರೆ 'ಚೆಕ್ ಕೊಡಬಲ್ಲ ಕಾಯಿ ಯಾವುದು?' ಎಂಬ ಸುಳಿವು ಕೊಡಿ.

*ನಾಲ್ಕು.* ಬಿಳಿ: ರಾಜ g1, ಆನೆ d1, ಕಾಲಾಳು f2, g2, h2. ಕಪ್ಪು: ರಾಜ g8, ಆನೆ e8, ಕಾಲಾಳು a7, f7, g7, h7. ಸೂಚನೆ: Rd7, a7 ಮೇಲೆ ದಾಳಿ. ಉತ್ತರ Re1 ಚೆಕ್‌ಮೇಟ್. ಮೊದಲು h3 ಆಡಿ ರಾಜನಿಗೆ ದಾರಿ ಬಿಡಬೇಕು.

*ಐದು.* 1.e4 e5 2.Nf3 Nc6 3.Bc4 Bc5. ಸೂಚನೆ: ಕ್ಯಾಸ್ಲಿಂಗ್. 4...Bxf2+ ಚೆಕ್ ಹೌದು, ಹೊಡೆತವೂ ಹೌದು, ಆದರೆ 5.Rxf2 ಇದೆ. ನಡೆ ಸುರಕ್ಷಿತ. ಇಂಥ ನಿರಪಾಯದ ಸ್ಥಿತಿಗಳನ್ನು ಬಿಡಬೇಡಿ. ಎಲ್ಲದರಲ್ಲೂ ಬಲೆ ಇದ್ದರೆ ಮಕ್ಕಳು ಒಗಟು ಬಿಡಿಸಲು ಕಲಿಯುತ್ತಾರೆಯೇ ಹೊರತು ತಪಾಸಣೆಯನ್ನಲ್ಲ. ಪ್ರತಿ ಚೆಕ್ಕಿಗೂ ಹೆದರಿ ಒಳ್ಳೆಯ ನಡೆ ಕೈಬಿಡುವುದೂ ಶುರುವಾಗುತ್ತದೆ.

22 ನಿಮಿಷ: ಜೋಡಿ ಆಟ

ತಲಾ 11 ನಿಮಿಷ, ಹೆಚ್ಚುವರಿ ಸೆಕೆಂಡ್ ಇಲ್ಲ. ಮೊದಲ 10 ನಡೆಗಳಲ್ಲಿ ತಪಾಸಣೆ ಪಿಸುಮಾತಿನಲ್ಲಿ ಕೇಳಿಸಬೇಕು, ಎದುರಾಳಿ ಸುಮ್ಮನಿರಬೇಕು. ಆಮೇಲೆ ಮನಸ್ಸಿನಲ್ಲೇ. ಇದು ಕಲಿಕೆಯ ಆಟ, ಸ್ಪರ್ಧೆಯಲ್ಲಿ ಮಾತಾಡುವಂತಿಲ್ಲ ಎಂದು ಮೊದಲೇ ಹೇಳಿಬಿಡಿ. ನಡೆ ವಾಪಸ್ ಇಲ್ಲ. ಕಾಯಿ ಪುಕ್ಕಟೆ ಹೋದರೆ ಆ ನಡೆಯ ಪಕ್ಕ ಒಂದು ಗುರುತು:

- ಗ: ಎದುರಾಳಿಯ ನಡೆಯನ್ನು ಗಮನಿಸಲಿಲ್ಲ
- ಹೊ: ಹೊಸ ಮನೆಯಲ್ಲೇ ಕಾಯಿ ಸಿಕ್ಕಿಬಿತ್ತು
- ಖಾ: ಖಾಲಿಯಾದ ಮನೆ ಅಥವಾ ಕಾವಲು ಬಿಟ್ಟದ್ದು ಕಾರಣ

ನೀವು ಸುತ್ತಾಡುತ್ತಾ ಸಲಹೆ ಕೊಡಬೇಡಿ. ಕೈ ಮೇಲೆದ್ದ ಮಗುವಿನ ಹತ್ತಿರ ಬೆರಳಿನಿಂದ ಹಲಗೆ ತೋರಿಸಿ, ಸಾಕು. ಪ್ರಶ್ನೆಗಳನ್ನು ಮಂತ್ರದಂತೆ ಒಪ್ಪಿಸಿ ಕಣ್ಣು ಬೋರ್ಡಿನತ್ತ ಹಾಯಿಸದ ಮಕ್ಕಳಿರುತ್ತಾರೆ. ಅವರಿಂದ 'ಹೌದು', 'ಇಲ್ಲ' ಒಪ್ಪಬೇಡಿ, ಮನೆಯ ಹೆಸರು ಕೇಳಿ. ಕಾಯಿ ಕಳೆದುಕೊಂಡ ತಕ್ಷಣ ಸೇಡಿನ ನಡೆ ಆಡುವವರು ಮತ್ತೊಂದನ್ನು ಕಳೆದುಕೊಳ್ಳುತ್ತಾರೆ. ಅವರಿಗೆ ಗುರುತು ಬರೆಯುವ ಕೆಲಸವೇ ಒಂದು ವಿರಾಮ. ಗೆಲ್ಲುತ್ತಿರುವ ಮಕ್ಕಳ ಮೇಲೂ ಕಣ್ಣಿಡಿ, ರಾಣಿ ಹೊಡೆದ ಮರುನಡೆಯಲ್ಲೇ ತಪಾಸಣೆ ಬಿಟ್ಟುಹೋಗುತ್ತದೆ.

8 ನಿಮಿಷ: ಗುರುತುಗಳ ಎಣಿಕೆ

ಮೂರು ಬಗೆಯ ಒಟ್ಟು ಲೆಕ್ಕ ಹಲಗೆಗೆ, ಹೆಸರು ಬೇಡ. ಅತಿ ಹೆಚ್ಚು ಬಂದ ಬಗೆಯ ಒಂದು ಸ್ಥಿತಿಯನ್ನು ಗೋಡೆಯ ಬೋರ್ಡಿಗೇರಿಸಿ ಮತ್ತೆ ಕೇಳಿ. 'ಗ' ಹೆಚ್ಚಿದ್ದರೆ ಮುಂದಿನ ವಾರ ಮೊದಲ ಪ್ರಶ್ನೆಯ ಅಭ್ಯಾಸ, 'ಖಾ' ಹೆಚ್ಚಿದ್ದರೆ ಎರಡನೇ ಮತ್ತು ಮೂರನೇ ಸ್ಥಿತಿಯಂಥವು ಇನ್ನಷ್ಟು.

ಸಮಯ ಸಾಲುವುದಿಲ್ಲ ಎಂಬ ದೂರು ಬಂದೇ ಬರುತ್ತದೆ. ಲೆಕ್ಕ ತೋರಿಸಿ: ನಡೆಗೆ 10 ಸೆಕೆಂಡ್‌ನಂತೆ 40 ನಡೆಗೆ 400 ಸೆಕೆಂಡ್, ಅಂದರೆ 7 ನಿಮಿಷಕ್ಕೂ ಕಡಿಮೆ. ಪ್ರತಿ ನಡೆಗೆ 10 ಸೆಕೆಂಡ್ ಸೇರುವ ಆಟದಲ್ಲಿ ತಪಾಸಣೆಯ ಖರ್ಚು ಗಡಿಯಾರವೇ ಕೊಡುತ್ತದೆ.

ಮನೆಗೆಲಸ: 15 ನಿಮಿಷ ಮತ್ತು ನಡೆಗೆ 10 ಸೆಕೆಂಡ್‌ನ ಎರಡು ಆಟ, ಅದೇ ಗುರುತುಗಳೊಂದಿಗೆ. ಮಿಂಚಿನ ಆಟ ಈ ವಾರ ಬೇಡ. ಸ್ಕೋರ್ ಶೀಟ್ ತರಬೇಕು, ಸೋತ ಆಟದ್ದೂ. ಮುಂದಿನ ತರಗತಿ ಆ ಶೀಟ್‌ಗಳಿಂದಲೇ ಆರಂಭ. ಆಟಕ್ಕೆ ಎರಡು ಗುರುತಿಗಿಂತ ಕಡಿಮೆ ಇರುವ ಮಕ್ಕಳಿಗೆ ಜೋಡಿದಾಳಿಯ ಪಾಠ, ಉಳಿದವರಿಗೆ ಇನ್ನೂ ಒಂದು ವಾರ ಪಿಸುಮಾತಿನ ಆಟ.