ಎಂದರೆ ಸರಿಯಲ್ಲ

ಆ ದಿನ ಜಡ್ಜ್ ಸಾಹೇಬರಿಗೆ ಗಂಟಲು ಕಟ್ಟಿತ್ತು. ಬೆಳಿಗ್ಗೆ ಕೇಸುಗಳನ್ನು ಕೂಗಿಸುವಾಗಲೇ ದನಿ ಒಡೆದು ಹೋಗುತ್ತಿತ್ತು. ಬಿಸಿನೀರಿನ ಫ್ಲಾಸ್ಕ್ ಮೇಜಿನ ಮೇಲಿತ್ತು. ಗೌರಮ್ಮನ ಸರದಿ ಬಂದಾಗ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಈ ಸಾಕ್ಷಿಗೆ ನಾನು ಹೇಳಿ ಬರೆಸೋಕೆ ಆಗಲ್ಲಮ್ಮ. ಸಾರಾಂಶ ನೀವೇ ಹಾಕ್ತಾ ಹೋಗಿ. ನಾನು ಸ್ಕ್ರೀನ್ ನೋಡ್ತಿರ್ತೀನಿ."

ಹದಿನಾಲ್ಕು ವರ್ಷದಿಂದ ನಾನು ಕೋರ್ಟಿನಲ್ಲಿ ಸ್ಟೆನೋ. ಈಗ ಇರುವುದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ. ಸುತ್ತ ತೆಂಗಿನ ತೋಟಗಳು. ಹಾಗಾಗಿ ನಮ್ಮಲ್ಲಿಗೆ ಬರುವ ಸಿವಿಲ್ ಕೇಸುಗಳಲ್ಲಿ ಜಾಸ್ತಿ ಪಾಲು ಬದು, ಬಂಡಿ ದಾರಿ, ಬಾವಿಯದ್ದೇ.

ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಳ್ಳುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸಾಕ್ಷಿ ಅವರ ಮಾತಿನಲ್ಲಿ ಹೇಳುತ್ತಾರೆ. ಸಾಹೇಬರು ಅದರ ಹುರುಳು ಹಿಡಿದು ಎರಡು ಸಾಲಿನಲ್ಲಿ ಹೇಳುತ್ತಾರೆ. ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ. ಪಾಟಿ ಸವಾಲಿನಲ್ಲಿ ವಕೀಲರ ಪ್ರಶ್ನೆಯನ್ನೂ ಬೇರೆಯಾಗಿ ಬರೆಯುವುದು ಅಪರೂಪ. ಪ್ರಶ್ನೆಯೇ ಉತ್ತರದೊಳಗೆ ಸೇರಿಕೊಳ್ಳುತ್ತದೆ. "ನೀವು ಸುಳ್ಳು ಹೇಳ್ತಿದ್ದೀರಿ ಅಲ್ವಾ?" ಅಂದರೆ, "ಇಲ್ಲ ಸ್ವಾಮಿ" ಅಂದರೆ, ಹಾಳೆಯ ಮೇಲೆ ಬರುವುದು ಹೀಗೆ: 'ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಎಂದರೆ ಸರಿ, ಎಂದರೆ ಸರಿಯಲ್ಲ. ಇವನ್ನು ಬರೆಯುವಾಗ ನನ್ನ ಬೆರಳುಗಳು ನನ್ನನ್ನು ಕೇಳುವುದೂ ಇಲ್ಲ.

ಗೌರಮ್ಮ ಕಟಕಟೆ ಹತ್ತಿದರು. ವಾದಿ ಕಡೆಯ ಎರಡನೇ ಸಾಕ್ಷಿ. ವಯಸ್ಸು 68. ವಾದಿ ಅವರ ಕಿರಿಯ ಮಗ, ಪ್ರತಿವಾದಿ ಅವರ ಮೈದುನನ ಮಗ. ಜಗಳ ಆರು ಗುಂಟೆ ಜಾಗ, ಅದರೊಳಗಿನ ಒಂದು ಬಾವಿ. ಪ್ರಮಾಣ ಮಾಡಿಸಿದ್ದಾಯಿತು. ಗಂಡನ ಹೆಸರು ಕೇಳಿದಾಗ ಸೆರಗು ಬಾಯಿಗೆ ಹಿಡಿದು ಮಗನ ಕಡೆ ನೋಡಿದರು. ಹೆಸರು ಮಗನೇ ಹೇಳಿದ.

ಮುಖ್ಯ ವಿಚಾರಣೆ ಪ್ರಮಾಣಪತ್ರದಲ್ಲೇ ಇತ್ತು. ಮೂರು ಪುಟ. 'ಸದರಿ ಬಾವಿಯು ವಾದಿಯ ಸ್ವಾಧೀನಾನುಭವದಲ್ಲಿ ಇರುತ್ತದೆ' ಅನ್ನೋ ಭಾಷೆ. ಗೌರಮ್ಮನ ಬಾಯಿಂದ ಬಂದ ಒಂದು ಪದವೂ ಅದರಲ್ಲಿ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಪ್ರತಿವಾದಿ ವಕೀಲರು ಎದ್ದರು. "ದಾವಾ ಜಾಗದ ಪೂರ್ವಕ್ಕೆ ಯಾರ ಜಮೀನಿದೆ ಅಜ್ಜಿ?"

"ಪೂರ್ವಕ್ಕಾ ಸ್ವಾಮಿ? ನಾನು ಮದುವೆಯಾಗಿ ಬಂದಾಗ ಪೂರ್ವಕ್ಕೆ ಒಂದು ಹುಣಸೆ ಮರ ಇತ್ತು. ದೊಡ್ಡ ಮರ. ಅದರ ಕೆಳಗೆ ನಮ್ಮತ್ತೆ ಒಂದು ಮಣೆ ಹಾಕ್ಕೊಂಡು ಕೂತು ಹುಣಸೆ ಹಣ್ಣು ಜಜ್ಜೋರು. ಬೀಜ ಎಲ್ಲ ನನ್ನ ಕೈಲಿ ಆರಿಸೋರು. ಬೆರಳು ಕಪ್ಪಾಗೋದು. ಒಂದು ಸಲ ನಮ್ಮೂರ ಕುರುಬರ ಹುಡುಗ ಮರದಿಂದ ಬಿದ್ದು ಕೈ ಮುರ್ಕೊಂಡ..."

"ಅಜ್ಜಿ, ಕೇಳಿದ್ದಕ್ಕೆ ಮಾತ್ರ ಹೇಳಿ."

"ಅದನ್ನೇ ಹೇಳ್ತಿದ್ದೀನಿ. ಆ ಹುಡುಗನ ಅಪ್ಪ ಮರ ಕಡಿಸ್ಬೇಕು ಅಂದ. ನಮ್ಮತ್ತೆ ಒಪ್ಪಲಿಲ್ಲ. ಅವರು ಹೋದ ಮೇಲೆ ಕಡಿಸಿದ್ದು. ಕಡಿಸಿದ ಮೇಲೆ ಆ ಕಡೆ ತೋಟದೋರು ಬೇಲಿ ಹಾಕ್ಕೊಂಡ್ರು. ಈಗ ಪೂರ್ವಕ್ಕೆ ಅವರದ್ದೇ ತೆಂಗು."

ನಾನು ನೋಟ್‌ಬುಕ್ಕಿನಿಂದ ಪೆನ್ಸಿಲ್ ಎತ್ತಲಿಲ್ಲ. ಇಂಥವರು ಬಂದಾಗ ನಾನು ಮೊದಲು ಶೀಘ್ರಲಿಪಿಯಲ್ಲಿ ಎಲ್ಲ ಬರೆದುಕೊಳ್ಳುತ್ತೇನೆ. ಉತ್ತರ ಪೂರ್ತಿಯಾದ ಮೇಲೆ ಸಾಲು ಟೈಪ್ ಮಾಡುತ್ತೇನೆ. ನಮ್ಮ ಲಿಪಿಯಲ್ಲಿ ಗೆರೆ ತೆಳುವಾದರೆ ಒಂದು ಅಕ್ಷರ, ದಪ್ಪವಾದರೆ ಇನ್ನೊಂದು. ಅವಸರದಲ್ಲಿ ಕೈ ಬಿಗಿಯಾದರೆ ಮಾತೇ ಬೇರೆಯಾಗುತ್ತದೆ. ಅದಕ್ಕೆ ಕೈ ಸಡಿಲವಾಗಿ ಇಟ್ಟುಕೊಂಡು ಕಿವಿ ಬಿಟ್ಟು ಕೂರಬೇಕು. ಉದ್ದ ಮಾತಾಡುವವರು ಉತ್ತರ ಕೊಡುವುದಿಲ್ಲ ಅನ್ನುವುದು ತಪ್ಪು. ಕೊಡುತ್ತಾರೆ. ಹುಣಸೆ ಮರ ಸುತ್ತಿಕೊಂಡು ಬಂದು ಕೊಡುತ್ತಾರೆ, ಅಷ್ಟೇ. ಕಾಯಬೇಕು.

'ದಾವಾ ಸ್ವತ್ತಿನ ಪೂರ್ವಕ್ಕೆ ಬೇರೆಯವರ ತೆಂಗಿನ ತೋಟ ಇದೆ' ಅಂತ ಹಾಕಿದೆ. ಸಾಹೇಬರು ಸ್ಕ್ರೀನ್ ನೋಡಿ ತಲೆಯಾಡಿಸಿದರು.

ಹೀಗೇ ನಡೆಯಿತು. ಪಶ್ಚಿಮಕ್ಕೆ ಏನು ಅಂದರೆ ಹೆಣ್ಣುಮಕ್ಕಳು ನೀರಿಗೆ ಹೋಗುತ್ತಿದ್ದ ದಾರಿಯ ಕಥೆ. ಕಂದಾಯ ಯಾರು ಕಟ್ಟುತ್ತಾರೆ ಅಂದರೆ ಕಂದಾಯದ ಹಣಕ್ಕೆ ಕೊಬ್ಬರಿ ಮಾರಲು ಹೋಗಿ ಗಂಡ ಎರಡು ದಿನ ಮನೆಗೆ ಬಾರದೇ ಇದ್ದದ್ದು. ಆ ಎರಡು ರಾತ್ರಿ ಅವರು ಏನು ಮಾಡಿದರು, ದೀಪಕ್ಕೆ ಸೀಮೆಎಣ್ಣೆ ಎಲ್ಲಿಂದ ತಂದರು, ಎಲ್ಲವೂ. ಹಿಂದಿನ ಬೆಂಚಿನಲ್ಲಿ ಕಿರಿಯ ವಕೀಲರಿಬ್ಬರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಈ ಹೆಂಗಸನ್ನು ಇಷ್ಟು ವರ್ಷದಲ್ಲಿ ಒಂದು ಕಡೆ ನಿಲ್ಲಿಸಿ, ಎದುರು ಕೂತು, 'ಹೇಳಿ' ಅಂತ ಯಾರಾದರೂ ಕೇಳಿದ್ದರಾ? ಬಹುಶಃ ಇಲ್ಲ. ಮೊದಲ ಸಲ ಕೇಳಿದ್ದು ಕೋರ್ಟು. ಅವರು ಹೇಳುತ್ತಿದ್ದರು.

ಗಂಟೆ 1.40 ಆಯಿತು. ಎರಡಕ್ಕೆ ಊಟದ ಬಿಡುವು. ಬೆಂಚ್ ಕ್ಲರ್ಕ್ ಗಡಿಯಾರ ನೋಡಿದರು. ವಕೀಲರ ದನಿ ಏರಿತ್ತು.

"ಬಾವಿಯನ್ನ 1990ರಲ್ಲಿ ನಿಮ್ಮ ಮೈದುನ ಅವರ ಖರ್ಚಲ್ಲಿ ತೋಡಿಸಿದ್ರು. ಹೌದೋ ಅಲ್ವೋ?"

"ಅಲ್ಲ ಸ್ವಾಮಿ! ಅದು..."

ಆ "ಅಲ್ಲ" ಬಿದ್ದ ತಕ್ಷಣ ನನ್ನ ಎಡಗೈ ಕೀಬೋರ್ಡಿಗೆ ಹೋಯಿತು. 'ಸದರಿ ಬಾವಿಯನ್ನು 1990ರಲ್ಲಿ ಪ್ರತಿವಾದಿಯ ತಂದೆ ತಮ್ಮ ಖರ್ಚಿನಲ್ಲಿ ತೋಡಿಸಿದ್ದಾರೆ ಎಂದರೆ ಸರಿಯಲ್ಲ.' ಉತ್ತರ ಸಿಕ್ಕಿತ್ತು. ಮುಂದಿನದ್ದು ಬೇಕಿರಲಿಲ್ಲ. ಗೌರಮ್ಮ ಇನ್ನೂ ಮಾತಾಡುತ್ತಲೇ ಇದ್ದರು. ಅಭ್ಯಾಸಕ್ಕೆ ಬಲಗೈ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಲೇ ಇತ್ತು. ಆದರೆ ನಾನು ಕೇಳುವುದನ್ನು ನಿಲ್ಲಿಸಿದ್ದೆ.

ಇನ್ನೆರಡು ಪ್ರಶ್ನೆ. ಆಮೇಲೆ "ಮುಗಿಯಿತು" ಅಂದು ವಕೀಲರು ಕೂತರು.

ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕು, ಸರಿ ಇದೆ ಅಂತ ಅವರು ಒಪ್ಪಬೇಕು. ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ತಲೆಯಾಡಿಸಿ ಸಹಿ ಹಾಕಿ ಇಳಿಯುತ್ತಾರೆ. ನಾನು ಓದಿದೆ. ಒಂದೂವರೆ ಗಂಟೆಯ ಮಾತು ಒಂದೂವರೆ ಪುಟ ಆಗಿತ್ತು. ಗೌರಮ್ಮ ಕಟಕಟೆಯ ಮರದ ಮೇಲೆ ಕೈಯಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು. ಹುಣಸೆ ಮರ ಬರಲಿಲ್ಲ. ಅವರು ಏನೂ ಅನ್ನಲಿಲ್ಲ. ಸೀಮೆಎಣ್ಣೆ ಬರಲಿಲ್ಲ. ಆಗಲೂ ಏನೂ ಅನ್ನಲಿಲ್ಲ. ಬಾವಿಯ ಸಾಲು ಬಂದಾಗ ಕೈ ಎತ್ತಿದರು.

"ಇನ್ನೊಂದು ಸಲ ಓದು ಮಗಳೇ."

ಓದಿದೆ.

"ಸರಿಯಲ್ಲ ಅಂದೆ, ನಿಜ. ಸರಿ ಯಾವುದು ಅಂತಾನೂ ಹೇಳಿದ್ನಲ್ಲ. ಅದೆಲ್ಲಿ?"

ಕೋರ್ಟ್ ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ. ಪ್ರತಿವಾದಿ ವಕೀಲರು ಥಟ್ಟನೆ ಎದ್ದರು. "ಪಾಟಿ ಸವಾಲು ಮುಗಿದಿದೆ ಸರ್. ಈಗ ಹೊಸದಾಗಿ ಸೇರಿಸೋಕೆ ನನ್ನ ಆಕ್ಷೇಪಣೆ ಇದೆ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮುಗಿದ ಮೇಲೆ ಹೊರಗಿನಿಂದ ಏನಾದರೂ ಸೇರಿದರೆ ಅದು ಅನ್ಯಾಯವೇ. ಸಾಹೇಬರು ನನ್ನನ್ನು ನೋಡಿದರು. ದನಿ ಇರಲಿಲ್ಲ, ಪಿಸುಗುಟ್ಟಿದರು: "ಆಗಲೇ ಹೇಳಿದ್ರಾ?"

ಹಾಳೆಯಲ್ಲಿ ಇರಲಿಲ್ಲ. ಹಾಳೆಯಲ್ಲಿ ಇಲ್ಲದ್ದು ಕೋರ್ಟಿನಲ್ಲಿ ಆಗಿಲ್ಲ ಅಂತಲೇ ಲೆಕ್ಕ. "ನೆನಪಿಲ್ಲ ಸರ್" ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ಗಂಟೆಗೆ ಊಟಕ್ಕೆ ಏಳಬಹುದಿತ್ತು. ನನ್ನ ಕೈ ನೋಟ್‌ಬುಕ್ಕಿನ ಮೇಲಿತ್ತು. ಅಂಗೈ ಬೆವೆತಿತ್ತು.

"ಹೇಳಿದ್ದಾರೆ ಸರ್. ನೋಟ್ಸ್‌ನಲ್ಲಿದೆ. ನಾನೇ ಬಿಟ್ಟಿದ್ದೀನಿ."

"ಓದಿ."

ಪುಟ ತಿರುವಿದೆ. ಕೇಳದೇ ಬರೆದ ಗೆರೆಗಳು. ಓದಲು ಬರುತ್ತದೋ ಇಲ್ಲವೋ ಅಂತ ಹೆದರಿಕೆಯಾಯಿತು. ಗೆರೆಗಳು ಸ್ಪಷ್ಟವಾಗಿದ್ದವು. ನಿಧಾನವಾಗಿ, ಅವರ ಮಾತಿನಲ್ಲೇ ಓದಿದೆ.

"ಅಲ್ಲ ಸ್ವಾಮಿ, ಅದು ಇಂದಿರಮ್ಮ ಸತ್ತ ವರ್ಷ. ಅವರು ಸಾಯೋಕೆ ಮುಂಚೆ, ಆ ಬೇಸಿಗೇಲಿ. ನಮ್ಮನೆಯವರು ಕೆಳಗಿಳಿದು ಅಗೀತಿದ್ರು, ಮೇಲೆ ನಾನು ಮಂಕರೀಲಿ ಮಣ್ಣು ಹೊತ್ತು ಹಾಕ್ತಿದ್ದೆ. ಏಳು ತಿಂಗಳ ಬಸುರಿ ನಾನು. ಇದೇ ಇವನು ಹೊಟ್ಟೇಲಿದ್ದ. ಹಗ್ಗ ಹಿಡಿಯೋಕೆ ಒಬ್ಬರನ್ನ ಕರೀರಿ ಅಂದೆ, ಕೂಲಿ ಕೊಡೋಕೆ ದುಡ್ಡಿರಲಿಲ್ಲ. ಮೈದುನ ಆಗ ಊರಲ್ಲೇ ಇರಲಿಲ್ಲ, ಬೆಂಗಳೂರಲ್ಲಿ ಹೋಟೆಲ್ ಕೆಲಸ. ನೀರು ಸಿಕ್ಕಿದ ದಿನ ನಮ್ಮನೆಯವರು ಕೆಳಗಿಂದ ಕೂಗಿದ್ರು. ಮೊದಲನೇ ಚೊಂಬು ನೀರು ನನಗೇ ಕೊಟ್ರು. ಕೆಸರು ನೀರು. ಕುಡಿದೆ."

ನನ್ನ ದನಿ ಕೊನೆಯಲ್ಲಿ ನಡುಗಿತು. ಹಿಂದಿನ ಬೆಂಚಿನವರು ನಗುತ್ತಿರಲಿಲ್ಲ.

ಸಾಹೇಬರು ಕಡತದ ಮೊದಲ ಪುಟ ತೆಗೆದು, ದಾವೆಯಲ್ಲಿ ವಾದಿಯ ವಯಸ್ಸಿನ ಮೇಲೆ ಬೆರಳಿಟ್ಟು ನೋಡಿದರು. ದಾವೆ 2021ರದ್ದು. ವಾದಿಯ ವಯಸ್ಸು 37 ಅಂತ ಇತ್ತು. ಏನೂ ಹೇಳಲಿಲ್ಲ. ಒಂದು ಗುಟುಕು ಬಿಸಿನೀರು ಕುಡಿದು, ಒಡೆದ ದನಿಯಲ್ಲೇ ಬರೆಸಿದರು. 'ಸಾಕ್ಷಿ ತಾವಾಗಿಯೇ ಮುಂದುವರಿದು ಹೇಳುವುದೇನೆಂದರೆ, 1984ರ ಬೇಸಿಗೆಯಲ್ಲಿ ನನ್ನ ಗಂಡ ಬಾವಿ ತೋಡಿದರು, ನಾನು ಮಣ್ಣು ಹೊತ್ತೆ. ಆಗ ನಾನು ವಾದಿಗೆ ಏಳು ತಿಂಗಳ ಗರ್ಭಿಣಿ. ನನ್ನ ಮೈದುನ ಆಗ ಬೆಂಗಳೂರಿನಲ್ಲಿದ್ದರು.' ಅದರ ಕೆಳಗೆ ವಕೀಲರ ಆಕ್ಷೇಪಣೆಯನ್ನೂ ಹಾಕಿಸಿದರು. ಬೇಕಾದರೆ ಇದರ ಮೇಲೆ ಇನ್ನೂ ಪಾಟಿ ಸವಾಲು ಮಾಡಿ ಅಂದರು. ವಕೀಲರು ಎರಡು ಪ್ರಶ್ನೆ ಕೇಳಿದರು. ಗೌರಮ್ಮ ಎರಡಕ್ಕೂ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಆ ದಿನ ಅವರು ಚಿಕ್ಕ ಉತ್ತರ ಕೊಟ್ಟದ್ದು ಆಗ ಮಾತ್ರ.

ಚೊಂಬು ನೀರಿನ ಸಾಲು ಬರಲಿಲ್ಲ. ಕಾನೂನಿಗೆ ಅದು ಬೇಕಿಲ್ಲ. ನಾನೂ ಕೇಳಲಿಲ್ಲ. ಆದರೆ ಅದು ನನ್ನ ನೋಟ್‌ಬುಕ್ಕಿನಲ್ಲಿ ಇದೆ.

ಹೊಸ ಹಾಳೆ ತೆಗೆದು ಮತ್ತೆ ಓದಿ ಹೇಳಿದೆ. ಗೌರಮ್ಮ ಪೂರ್ತಿ ಕೇಳಿಸಿಕೊಂಡು, "ಹ್ಞೂಂ" ಅಂದರು. ದಲಾಯತ್ ಸ್ಟಾಂಪ್ ಪ್ಯಾಡ್ ತಂದ. ಅವರಿಗೆ ಸಹಿ ಬರುವುದಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿಸಿದೆ. ಎರಡು ಪುಟಕ್ಕೂ ಒತ್ತಿದ ಮೇಲೆ ಅವರು ಹಾಳೆ ಬಿಡಲಿಲ್ಲ.

"ಬಾವಿ ಯಾವ ಸಾಲಿನಲ್ಲಿದೆ ಮಗಳೇ?"

ತೋರಿಸಿದೆ. ಅವರು ಅದೇ ಹೆಬ್ಬೆರಳನ್ನು ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಎಳೆದರು. ಅಕ್ಷರಗಳ ಮೇಲೆ ನೀಲಿ ಮಸಿ ಹರಡಿತು.

"ಅಯ್ಯೋ, ಹಾಳೆ ಹಾಳಾಯ್ತು" ಅಂದರು ಬೆಂಚ್ ಕ್ಲರ್ಕ್. "ಇನ್ನೊಂದು ಪ್ರಿಂಟ್ ತೆಗೀರಿ."

ಸಾಹೇಬರು ಕೈ ಚಾಚಿ ಹಾಳೆ ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮಸಿಯ ಕೆಳಗೆ ಅಕ್ಷರಗಳು ಕಾಣುತ್ತಿದ್ದವು.

"ಓದೋಕೆ ಬರುತ್ತೆ" ಅಂದರು. "ಇರಲಿ ಬಿಡಿ."