ಬಿ ಶಿಫ್ಟ್, ಪ್ರೆಸ್ ಶಾಪ್, ಪೀಣ್ಯ: ಬುಧವಾರ ಮಧ್ಯಾಹ್ನ 1:50ರ ಸೇಫ್ಟಿ ಮಾತು

(ಮಾತಾಡುವವರಿಗೆ: ಬೋರ್ಡ್ ಮುಂದೆ ನಿಲ್ಲಬೇಡಿ, 4ನೇ ಪ್ರೆಸ್ ಹತ್ತಿರ ನಿಲ್ಲಿ. ಎಲ್ಲರೂ ಹಳದಿ ಗೆರೆಯ ಹಿಂದೆ ಇರಲಿ. ಡೈ ಖಾಲಿ, ಮೋಟರ್ ಆನ್. ಫ್ಲೈವೀಲ್ ಮೇಲೆ ಬಿಳಿ ಪೇಂಟ್‌ನ ಗುರುತು ಹಾಕಿದೆ, ಜಾಲರಿಯ ಆಚೆಯಿಂದಲೂ ಕಾಣುತ್ತೆ. ಕ್ಯಾಂಟೀನ್‌ನಿಂದ ಒಂದು ಸೌತೆಕಾಯಿ ತಂದಿಟ್ಟುಕೊಳ್ಳಿ. ನಮಸ್ಕಾರ ಕೂಡ ಹೇಳದೆ ಮೊದಲು ಮೋಟರ್ ಆಫ್ ಮಾಡಿ.)

ಕರೆಂಟ್ ಹೋಯ್ತು. ಈಗ ಪ್ರೆಸ್ ನಿಂತಿದೆಯಾ? ನಿಂತಿದೆ ಅನ್ನುವವರು ಕೈ ಎತ್ತಿ.

(ಕಾಯಿರಿ. ಯಾರಾದರೂ ಕೈ ಎತ್ತುತ್ತಾರೆ. ನಗಬೇಡಿ.)

ಆ ಬಿಳಿ ಗುರುತು ನೋಡಿ. ಸುತ್ತುತ್ತಿದೆ ಅಲ್ವಾ? ಪೂರ್ತಿ ನಿಲ್ಲೋಕೆ ಎಷ್ಟು ಹೊತ್ತು ಬೇಕು? ಹೇಳಿ, ಅಣ್ಣ. ಹತ್ತು ಸೆಕೆಂಡ್? ಅರ್ಧ ನಿಮಿಷ? ನಿನ್ನೆ ಮೊಬೈಲ್ ಹಿಡಿದು ಎಣಿಸಿದೆ: 2 ನಿಮಿಷ 40 ಸೆಕೆಂಡ್.

ಈಗ ಸೌತೆಕಾಯಿ.

(ಉದ್ದ ಇಕ್ಕಳದಲ್ಲಿ ಹಿಡಿದು ಡೈ ಮೇಲೆ ಇಡಿ. ಇಕ್ಕಳ ಹೊರಗೆ ಬರಲಿ, ನೀವೂ ಪಕ್ಕಕ್ಕೆ ಬನ್ನಿ. ಆಮೇಲೆ ಪೆಡಲ್ ಒತ್ತಿ. ಒಂದೇ ಸಲ. ಎರಡು ಸೆಕೆಂಡ್ ಮಾತಾಡಬೇಡಿ.)

ಕರೆಂಟ್ ಇಲ್ಲ. ಮೋಟರ್ ಇಲ್ಲ. ಆದರೂ ಬಿತ್ತು. ಕ್ಲಚ್ ಪಿನ್ ಕಚ್ಚಿಕೊಂಡ ಮೇಲೆ ರ‍್ಯಾಮ್ ಪೂರ್ತಿ ಕೆಳಗೆ ಬಂದೇ ಬರುತ್ತೆ, ಅರ್ಧದಲ್ಲಿ ನಿಲ್ಲಿಸೋಕೆ ಯಾರಿಂದಲೂ ಆಗೋಲ್ಲ. ಚಕ್ರದ ವೇಗ ಅರ್ಧಕ್ಕೆ ಇಳಿದಿದ್ದರೂ ಅದರಲ್ಲಿ ಕಾಲು ಭಾಗ ಶಕ್ತಿ ಉಳಿದಿರುತ್ತೆ. ಬೆರಳಿಗೆ ಅಷ್ಟೂ ಬೇಕಾಗಿಲ್ಲ.

ಇವತ್ತೇ ಯಾಕೆ ಇದನ್ನು ಹೇಳ್ತಿದ್ದೀನಿ ಅಂದರೆ, ನಿನ್ನೆ ಸಂಜೆ ಮಳೆ ಬಂತಲ್ಲ, ಕರೆಂಟ್ ಹೋಯ್ತಲ್ಲ, ಆಗ ನಮ್ಮಲ್ಲೊಬ್ಬರು ಸಿಕ್ಕಿಕೊಂಡ ಪೀಸ್ ತೆಗೆಯೋಕೆ ಡೈ ಒಳಗೆ ಕೈ ಹಾಕಿದರು. ಬಲಗಾಲು ಪೆಡಲ್ ಮೇಲೇ ಇತ್ತು. ನಾನು ಕೂಗಿದೆ, ಕೈ ತೆಗೆದರು. ಹೆಸರು ಹೇಳೋಲ್ಲ, ಯಾರೂ ಆ ಕಡೆ ತಿರುಗಿ ನೋಡಬೇಡಿ. ಆಮೇಲೆ ಟೀ ಕುಡಿಯುವಾಗ ಕೇಳಿದೆ. "ಕರೆಂಟೇ ಇಲ್ವಲ್ಲ ಸಾರ್, ಇನ್ನೇನಾಗುತ್ತೆ ಅಂದ್ಕೊಂಡೆ" ಅಂದರು. ಇಕ್ಕಳ ಯಾಕೆ ತಗೊಳ್ಳಲಿಲ್ಲ ಅಂದೆ. ಟೂಲ್ ರೂಮ್‌ಗೆ ಬೀಗ ಹಾಕಿತ್ತು ಅಂದರು. ಹೌದು, ಹಾಕಿತ್ತು. ಬೀಗದ ಕೈ ನನ್ನ ಜೇಬಲ್ಲಿತ್ತು. ಆ ತಪ್ಪು ನನ್ನದು. ಇವತ್ತಿನಿಂದ ಒಂದೊಂದು ಪ್ರೆಸ್ ಪಕ್ಕದಲ್ಲೂ ಒಂದು ಇಕ್ಕಳ, ಒಂದು ಮ್ಯಾಗ್ನೆಟ್ ಕಡ್ಡಿ ಸರಪಳಿಯಲ್ಲಿ ತೂಗುತ್ತಿರುತ್ತೆ. ಮಾಯವಾದರೆ ನನಗೆ ಹೇಳಿ, ಯಾರು ತಗೊಂಡರು ಅಂತ ನೀವು ಹುಡುಕೋದು ಬೇಡ.

ಇವತ್ತೂ ಸಂಜೆ ಮೋಡ ಇದೆ. ಕರೆಂಟ್ ಹೋದರೆ ಮೊದಲು ಪೆಡಲ್‌ನಿಂದ ಕಾಲು ತೆಗೆಯಿರಿ. ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿ, ಕೀ ನಿಮ್ಮ ಜೇಬಲ್ಲೇ ಇರಲಿ, ಹೆಲ್ಪರ್ ಕೈಗೆ ಕೊಡಬೇಡಿ. ಬಿಳಿ ಗುರುತು ನಿಲ್ಲುವ ತನಕ ಸುಮ್ನೆ ನಿಂತುಕೊಳ್ಳಿ. ನಿಂತ ಮೇಲೆ ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡಿ. ಬ್ರೇಕ್ ಸಡಿಲ ಇದ್ದರೆ ರ‍್ಯಾಮ್ ತನ್ನ ಭಾರಕ್ಕೇ ಜಾರುತ್ತೆ. ಆಮೇಲೆ ಪೀಸ್ ತೆಗೆಯಿರಿ, ಅದೂ ಇಕ್ಕಳದಲ್ಲಿ.

ಇದಕ್ಕೆ ಐದು ನಿಮಿಷ ಹೋಗುತ್ತೆ. ಆ ಐದು ನಿಮಿಷ ಟಾರ್ಗೆಟ್‌ನಿಂದ ಕಳೀತೀನಿ. ಪ್ರೊಡಕ್ಷನ್ ಶೀಟಲ್ಲಿ "ಕರೆಂಟ್" ಅಂತ ಬರೆಯಿರಿ, ಸಾಕು. ಮ್ಯಾನೇಜರ್ ಹತ್ತಿರ ಮಾತಾಡಿ ಆಗಿದೆ.

(ಹೊಸದಾಗಿ ಸೇರಿದ ಒಡಿಶಾದ ಇಬ್ಬರು ಹುಡುಗರಿಗೆ ಟೂಲ್ ರೂಮ್ ಅಣ್ಣ ಇದನ್ನೇ ಹಿಂದಿಯಲ್ಲಿ ಹೇಳುತ್ತಾರೆ. "ಅರ್ಥ ಆಯ್ತಾ" ಅಂತ ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. ಅವರಲ್ಲೊಬ್ಬರು ಬಂದು ಮಾಡಿ ತೋರಿಸಲಿ.)

ಬಾ ತಮ್ಮಾ. ಕರೆಂಟ್ ಹೋಯ್ತು ಅಂದ್ಕೋ. ಏನು ಮಾಡ್ತೀಯ, ತೋರಿಸು. ಬೀಗ ಮರೆತೆ, ನೋಡು. ಪರವಾಗಿಲ್ಲ, ಇನ್ನೊಂದು ಸಲ ಮಾಡು.

(ಹೆಲ್ಮೆಟ್, ಶೂ, ಇಯರ್‌ಪ್ಲಗ್ ಪಟ್ಟಿ ಇವತ್ತು ಓದಬೇಡಿ. ಬೋರ್ಡ್ ಮೇಲಿದೆ. ಹಾಕಿಕೊಳ್ಳದವರಿಗೆ ಅವರ ಹತ್ತಿರ ಹೋಗಿ ಒಬ್ಬೊಬ್ಬರಿಗೇ ಹೇಳಿ.)

ಇನ್ನೊಂದು ಮಾತು. 2ನೇ ಪ್ರೆಸ್‌ನ ಪೆಡಲ್ ಮೇಲಿನ ಕವರ್ ಬೆಳಗಿನ ಶಿಫ್ಟ್‌ನಲ್ಲಿ ಒಡೆದಿದೆ. ಮೇಂಟೆನೆನ್ಸ್‌ನವರು ಬೇರೆ ಹಾಕುವವರೆಗೆ ಅದನ್ನು ಓಡಿಸೋಲ್ಲ. ಅಲ್ಲಿಯ ಅಕ್ಕ ಇವತ್ತು ಪ್ಯಾಕಿಂಗ್‌ಗೆ ಬರ್ತಾರೆ.

ನಾಳೆ ನಾನು ಮಾತಾಡೋಲ್ಲ. ಫೋರ್ಕ್‌ಲಿಫ್ಟ್ ಓಡಿಸುವ ಅಣ್ಣ ಮಾತಾಡ್ತಾರೆ. ತಿರುವಿನಲ್ಲಿ ನಾವು ಅವರಿಗೆ ಎಲ್ಲೆಲ್ಲಿ ಕಾಣೋದೇ ಇಲ್ಲ ಅಂತ ಗಾಡಿ ಮೇಲೆ ನಿಮ್ಮನ್ನೇ ಕೂರಿಸಿ ತೋರಿಸ್ತಾರಂತೆ. ಗಾಡಿ ನಿಂತಿರುತ್ತೆ, ಕೀ ತೆಗೆದಿರುತ್ತೆ, ಹೆದರಬೇಡಿ.

ಆ ಸೌತೆಕಾಯಿ ಅಲ್ಲೇ ತಟ್ಟೆಯಲ್ಲಿ ಇರಲಿ. ಊಟದ ಬ್ರೇಕ್ ತನಕ ಯಾರೂ ಎಸೆಯಬೇಡಿ. ಎರಡು ಗಂಟೆ ಆಯ್ತು, ನಡೀರಿ.